ವಾಪಸ್ ಹೋಗುವುದು ಎಷ್ಟು ಗಂಟೆಗೆ?

ಈ ಸೋಮವಾರ ಮಂಗಳೂರಿನ ಬಂದರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಹಳೆ ಬಿಲ್ಲಿಂಗ್ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋದೆವು. ಅಲ್ಲಿನ ಲೆಕ್ಕ ನೋಡಿಕೊಳ್ಳುವವಳು ನಾನು. ಬದಲಾವಣೆಯ ಪ್ಲ್ಯಾನ್ ಬರೆದವಳೂ ನಾನೇ. ಆದರೆ ಶನಿವಾರ ಸಂಜೆ ಕೌಂಟರಿನ ಅಕ್ಕ ಕೇಳಿದ ಒಂದು ಪ್ರಶ್ನೆ ಇನ್ನೂ ಕಿವಿಯಲ್ಲೇ ಇದೆ.

ದಿನ ಆರಿಸುವಾಗ ಯೋಚನೆ ಮಾಡಿದ್ದೆ. ತಿಂಗಳ ಮಧ್ಯ ಬದಲಿಸಿದರೆ ಒಂದೇ ತಿಂಗಳ ಜಿಎಸ್‌ಟಿ ರಿಟರ್ನ್‌ಗೆ ಎರಡು ಕಡೆಯ ಲೆಕ್ಕ ಕೂಡಿಸಬೇಕು. ಹಾಗಾಗಿ ಜೂನ್ 1. ಮಳೆ ಹಿಡಿದರೆ ನಮ್ಮಲ್ಲಿ ಮನೆ ಕಟ್ಟುವ ಕೆಲಸ ನಿಧಾನ, ಕೌಂಟರಿನಲ್ಲಿ ರಶ್ ಕಡಿಮೆ. ಹಿಂದಿನ ದಿನ ಭಾನುವಾರ, ಅಂಗಡಿಗೆ ರಜೆ. ಹೊಸ ಬಿಲ್‌ಗಳಿಗೆ ಬೇರೆ ಸೀರೀಸ್, `N/26-27/1` ಅಂತ. ಬಿಲ್ ನಂಬರ್ 16 ಅಕ್ಷರ ಮೀರಬಾರದು, ಅದೇ ವರ್ಷದಲ್ಲಿ ಒಂದೇ ನಂಬರ್ ಎರಡು ಸಲ ಬರಬಾರದು. ಸೀರೀಸ್ ಬೇರೆ ಇದ್ದರೆ ಹಳೆಯದರ ಜೊತೆ ಗೊಂದಲ ಆಗುವುದಿಲ್ಲ.

ಇದನ್ನೆಲ್ಲ ಎರಡು ಪುಟದಲ್ಲಿ ಬರೆದು ಓದಿ ಹೇಳಿದೆ. ಕೊನೆಯ ಸಾಲು: "ಏನಾದರೂ ತೊಂದರೆ ಆದರೆ ಹಳೆ ಸಾಫ್ಟ್‌ವೇರ್‌ಗೆ ವಾಪಸ್." ಅಂಗಡಿಯ ಯಜಮಾನರು, ನಾವೆಲ್ಲ ಮಾಮ್ ಅನ್ನುವವರು, ತಲೆ ಆಡಿಸಿದರು. ಸಾಫ್ಟ್‌ವೇರ್ ಕಂಪನಿಯ ಹುಡುಗ ಎದ್ದು ಬ್ಯಾಗ್ ಹಾಕಿಕೊಂಡಿದ್ದ. ಆಗ ಅಕ್ಕ ಕೇಳಿದರು:

"ಅಲ್ಲ ಮಾರಾಯ್ತಿ, ವಾಪಸ್ ಹೋಗುವುದು ಎಷ್ಟು ಗಂಟೆಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ತೊಂದರೆ ಆದಾಗ" ಅಂದೆ. ಅವರು ಬಿಡಲಿಲ್ಲ. "ಹನ್ನೊಂದಕ್ಕೆ ಆದರೆ ಸರಿ. ಸಂಜೆ ಆರಕ್ಕೆ ಆದರೆ? ಅಷ್ಟರವರೆಗೆ ಕೊಟ್ಟ ಬಿಲ್‌ಗಳನ್ನು ಯಾರು ಹಾಕುವುದು?"

ಹಾಕುವವರು ಅವರೇ ತಾನೇ. ಹತ್ತೊಂಬತ್ತು ವರ್ಷದಿಂದ ಆ ಕೌಂಟರಿನಲ್ಲಿ ಬಿಲ್ ಮಾಡುತ್ತಿರುವವರು.

ಕುಳಿತು ಲೆಕ್ಕ ಹಾಕಿದೆವು. ಒಂದು ಬಿಲ್ಲನ್ನು ಹಳೆಯದರಲ್ಲಿ ಮತ್ತೆ ಹಾಕಲು ಎರಡು ನಿಮಿಷ. ಮಧ್ಯಾಹ್ನ ಒಂದಕ್ಕೆ ಸುಮಾರು 40 ಬಿಲ್ ಆಗಿರುತ್ತದೆ, ಅಂದರೆ 80 ನಿಮಿಷ. ಊಟದ ಹೊತ್ತಿಗೆ ಅಂಗಡಿ ಮುಚ್ಚಿದಾಗ ಹೆಚ್ಚುಕಡಿಮೆ ಮುಗಿಸಬಹುದು. ರಾತ್ರಿ ಎಂಟಕ್ಕಾದರೆ 110 ಬಿಲ್, ನಾಲ್ಕು ಗಂಟೆಯ ಹತ್ತಿರ. ಅದರ ಮೇಲೆ ಗಿರಾಕಿಗಳು ಕೊಟ್ಟ ಹಣದ ರಶೀದಿ. ಮರುದಿನವಾದರೆ ಇನ್ನು ಯಾರೂ ವಾಪಸ್ ಹೋಗುವ ಮಾತೇ ಎತ್ತುವುದಿಲ್ಲ. ತಪ್ಪು ಇಟ್ಟುಕೊಂಡೇ ಮುಂದೆ ಹೋಗುತ್ತಾರೆ. ನಾನು ಬರೆದ ಕೊನೆಯ ಸಾಲು ಮಧ್ಯಾಹ್ನ ಒಂದರ ನಂತರ ಬರೀ ಕಾಗದ ಆಗುತ್ತಿತ್ತು.

ಇನ್ನೊಂದು ವಿಷಯ ಆಗಲೇ ಹೊಳೆಯಿತು. ಗಿರಾಕಿಯ ಕೈಗೆ `N/26-27/12` ಅಂತ ಬಿಲ್ ಹೋಗಿರುತ್ತದೆ. ಹಳೆಯದರಲ್ಲಿ ಹಾಕುವಾಗಲೂ ಅದೇ ನಂಬರ್ ಬೇಕು. ಆದರೆ ಹಳೆ ಸಾಫ್ಟ್‌ವೇರ್ ನಂಬರ್ ತಾನೇ ಕೊಡುತ್ತದೆ! ಸೆಟ್ಟಿಂಗ್ ಹುಡುಕಿ, ನಂಬರ್ ಕೈಯಲ್ಲೇ ಟೈಪ್ ಮಾಡುವ ಬೇರೆ ಬಿಲ್ ವಿಧ ಒಂದನ್ನು ಮಾಡಿ, ಒಂದು ಬಿಲ್ ಹಾಕಿ ನೋಡಿ ಅಳಿಸಿದೆವು. ಅಕ್ಕ ಕೇಳದೇ ಇದ್ದಿದ್ದರೆ ಇದು ಸೋಮವಾರ ಗಿರಾಕಿಗಳ ಎದುರಿಗೇ ಗೊತ್ತಾಗುತ್ತಿತ್ತು.

ಹುಡುಗನ ಬಗ್ಗೆ ಒಂದು ಮಾತು. ಕೆಟ್ಟವನಲ್ಲ, ಕೆಲಸವೂ ಗೊತ್ತು. ಆದರೆ "ಎಲ್ಲ ಆಟೋಮ್ಯಾಟಿಕ್ ಬರ್ತದೆ ಮೇಡಂ" ಅಂತ ನಾಲ್ಕು ಸಲ ಹೇಳಿದ. ಡೇಟಾ ಹೊಸದಕ್ಕೆ ಬಂದರೆ ಅವನ ಕೆಲಸ ಮುಗಿಯಿತು. ಬಂದದ್ದು ಸರಿಯಾ ಅಂತ ನೋಡುವುದು ಅಂಗಡಿಯವರ ಕೆಲಸ, ಅದನ್ನು ಅವನಿಗೆ ಬಿಡಬಾರದು.

ಭಾನುವಾರ ನೋಡಿದೆವು. ಮೊದಲು ಹಳೆಯದರ ಬ್ಯಾಕಪ್ ಎರಡು ಪೆನ್ ಡ್ರೈವ್‌ಗೆ. ಒಂದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆ, ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಆಮೇಲೆ ಗಿರಾಕಿಗಳ ಬಾಕಿಯ ಒಟ್ಟು ಮೊತ್ತ. ಹಳೆಯದರಲ್ಲಿ 14,36,820. ಹೊಸದರಲ್ಲಿ 14,61,820. ವ್ಯತ್ಯಾಸ 25,000.

ಒಬ್ಬರ ಬಾಕಿ ಜಮೆಯ ಬದಲು ಖರ್ಚಿನ ಬದಿಗೆ ಬಿದ್ದರೆ ವ್ಯತ್ಯಾಸ ಅದರ ಎರಡು ಪಟ್ಟು ಬರುತ್ತದೆ. ಹಾಗಾಗಿ 25,000ದ ಅರ್ಧ ಹುಡುಕಬೇಕು. "12,500 ಯಾರದ್ದಾದರೂ ಇದೆಯಾ ಅಕ್ಕ?" ಅಂದೆ. ಅವರು ಪಟ್ಟಿ ನೋಡಲೇ ಇಲ್ಲ. "ಸುರತ್ಕಲ್‌ನ ಕಂಟ್ರಾಕ್ಟರ್ ಅಡ್ವಾನ್ಸ್ ಕೊಟ್ಟದ್ದು" ಅಂದರು. ಹೌದು, ಅದೇ. ಅವರು ನಮಗೆ ಕೊಟ್ಟ ಮುಂಗಡವನ್ನು ಹೊಸ ಸಾಫ್ಟ್‌ವೇರ್ ಅವರೇ ನಮಗೆ ಕೊಡಬೇಕಾದ ಸಾಲ ಅಂತ ತೋರಿಸುತ್ತಿತ್ತು.

ನಂತರದ್ದು ನನಗೆ ಇನ್ನೂ ಭಯ ಹುಟ್ಟಿಸುತ್ತದೆ. ಮೇ ತಿಂಗಳ ಇಪ್ಪತ್ತು ಬಿಲ್‌ಗಳನ್ನು ಹೊಸದರಲ್ಲಿ ಪರೀಕ್ಷೆಗೆಂದೇ ತೆರೆದ ಟೆಸ್ಟ್ ಕಂಪನಿಯಲ್ಲಿ ಮತ್ತೆ ಮಾಡಿ ಪಕ್ಕಪಕ್ಕ ಇಟ್ಟು ನೋಡುವ ಯೋಜನೆ ಇತ್ತು. ಬಿಲ್ ಆರಿಸಿದ್ದು ಅಕ್ಕ. ನಾನಾಗಿದ್ದರೆ ಸುಮ್ನೆ ಮೇಲಿನ ಇಪ್ಪತ್ತು ತೆಗೆಯುತ್ತಿದ್ದೆ. ಅವರು ಡಿಸ್ಕೌಂಟ್ ಇರುವುದು, ಪೈಪು ವಾಪಸ್ ಬಂದದ್ದು, ನಮ್ಮ ಟೆಂಪೋದಲ್ಲಿ ಮಂಜೇಶ್ವರದ ಅಂಗಡಿಗೆ ಕಳಿಸಿದ್ದು, ಹೀಗೆ ಬೇರೆ ಬೇರೆ ತೆಗೆದರು.

ಮಂಜೇಶ್ವರದ ಬಿಲ್: ಸಾಮಾನು 8,000, ತೆರಿಗೆ 18 ಪರ್ಸೆಂಟ್, ಒಟ್ಟು 9,440. ಹೊಸದರಲ್ಲೂ 9,440. ನಾನು ಟಿಕ್ ಹಾಕಿ ಮುಂದಿನದಕ್ಕೆ ಹೋಗಿದ್ದೆ. ಅಕ್ಕ ಕೈ ಹಿಡಿದು ನಿಲ್ಲಿಸಿದರು. ಅದು ಕೇರಳ, ಬೇರೆ ರಾಜ್ಯಕ್ಕೆ ಹೋದ ಮಾಲು, 1,440 ಪೂರ್ತಿ ಐಜಿಎಸ್‌ಟಿ ಆಗಬೇಕು. ಹೊಸದು ನಮ್ಮ ರಾಜ್ಯದೊಳಗೇ ಮಾರಿದ ಹಾಗೆ 720 ಸಿಜಿಎಸ್‌ಟಿ, 720 ಎಸ್‌ಜಿಎಸ್‌ಟಿ ಅಂತ ಒಡೆದಿತ್ತು. ಗಿರಾಕಿಯ ರಾಜ್ಯದ ಜಾಗ ಖಾಲಿ ಬಂದಿತ್ತು, ಖಾಲಿ ಇದ್ದರೆ ಸಾಫ್ಟ್‌ವೇರ್ ಕರ್ನಾಟಕ ಅಂತ ತಿಳಿಯುತ್ತದೆ. ಹೀಗೇ ರಿಟರ್ನ್ ಹೋದರೆ ಐಜಿಎಸ್‌ಟಿ ಮತ್ತೆ ಕಟ್ಟಿ, ತಪ್ಪಾಗಿ ಕಟ್ಟಿದ್ದಕ್ಕೆ ರಿಫಂಡ್ ಕೇಳಬೇಕು. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿದರೆ ರಾಜ್ಯ ಗೊತ್ತಾಗುತ್ತದೆ, ಕರ್ನಾಟಕ 29, ಕೇರಳ 32. 32ರವರು ಹನ್ನೊಂದು ಜನ ಸಿಕ್ಕಿದರು. ಎಲ್ಲರದ್ದೂ ಸರಿ ಮಾಡಿದೆವು.

ರಾತ್ರಿ ಪ್ಲ್ಯಾನಿನ ಕೊನೆಯ ಸಾಲು ಹೊಡೆದು ಹೊಸದಾಗಿ ಬರೆದೆ. ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಬಿಲ್ ನಿಲ್ಲಿಸಿ ಎರಡು ವಿಷಯ ನೋಡುವುದು. ಡ್ರಾಯರಿನ ಕ್ಯಾಶ್ ಹೊಸದರ ಕ್ಯಾಶ್ ಪುಸ್ತಕಕ್ಕೆ ತಾಳೆ ಆಗಬೇಕು. ನಮಗೆ ಸರಿ ಮಾಡಲು ಬಾರದ ತೆರಿಗೆ ತಪ್ಪು ಒಂದೂ ಇರಬಾರದು. ಒಂದು ತಪ್ಪಿದರೂ ವಾಪಸ್. ತೀರ್ಮಾನ ಅಕ್ಕನದ್ದು. ಮಾಮ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ದುಡ್ಡು ಕೊಟ್ಟವರು ಅವರು, ತೀರ್ಮಾನವೂ ತಮ್ಮದೇ ಅನ್ನಿಸಿರಬೇಕು. ಆಮೇಲೆ "ಅವಳೇ ಹೇಳಲಿ" ಅಂದರು. ಮಾಮ್ ಬಗ್ಗೆ ನನಗಿದ್ದ ಗೌರವ ಅಲ್ಲಿ ಜಾಸ್ತಿ ಆಯಿತು.

ಸೋಮವಾರ ಹನ್ನೆರಡೂವರೆಗೆ ಮಳೆಗೆ ಕರೆಂಟ್ ಹೋಯಿತು. ಯುಪಿಎಸ್ ಕಾಲು ಗಂಟೆ ತಡೆಯಿತು. ಮುಂದಿನ ಮೂರು ಬಿಲ್ ಕೈಬಿಲ್ ಪುಸ್ತಕದಲ್ಲಿ, ಅದಕ್ಕೂ ಬೇರೆ ಸೀರೀಸ್ ಇಟ್ಟಿದ್ದೆವು. ಕರೆಂಟ್ ಬಂದ ಮೇಲೆ ಅವನ್ನು ಅದೇ ನಂಬರಿನಲ್ಲಿ ಹಾಕಿ, ಒಂದೂಕಾಲಕ್ಕೆ ಶಟರ್ ಅರ್ಧ ಎಳೆದೆವು. 37 ಬಿಲ್. ಅಕ್ಕ ಕ್ಯಾಶ್ ಎರಡು ಸಲ ಎಣಿಸಿದರು. ತಾಳೆ ಆಯಿತು. ಬಿಲ್ ಒಂದೊಂದಾಗಿ ತಿರುಗಿಸಿ ನೋಡಿ, "ಇರಲಿ, ಇದರಲ್ಲೇ ಹೋಗುವ" ಅಂದರು.

ಹಳೆಯದು ಈಗ ಬರೀ ನೋಡಲಿಕ್ಕೆ. ಅದರಲ್ಲಿ ಬಿಲ್ ಮಾಡುವ ಪಾಸ್‌ವರ್ಡ್ ಬದಲಿಸಿದ್ದೇವೆ. ಮೇ ತಿಂಗಳಲ್ಲಿ ಕೊಂಡ ಪೈಪು ಯಾರಾದರೂ ವಾಪಸ್ ತಂದರೆ ಹಳೆ ಬಿಲ್ ನಂಬರ್ ಅಲ್ಲಿಂದಲೇ ಹುಡುಕಬೇಕು.

ನಿನ್ನೆ ಮಂಜೇಶ್ವರದ ಆರ್ಡರ್ ಬಂತು. ಅಕ್ಕ ಬಿಲ್ ಮಾಡಿ, ಸ್ಕ್ರೀನಿನ ಐಜಿಎಸ್‌ಟಿ ಸಾಲಿನ ಮೇಲೆ ಬೆರಳಿಟ್ಟು ಒಮ್ಮೆ ಓದಿಕೊಂಡರು. ಆಮೇಲೆ ಪ್ರಿಂಟ್ ಒತ್ತಿದರು.