ಆಫ್ ಮಾಡಿದ ಮೇಲೂ ಮಿನುಗುವ ಬಲ್ಬು

ಸ್ಮಾರ್ಟ್ ಸ್ವಿಚ್ ಆಫ್ ಆಗಿದೆ, ಕೋಣೆಯೆಲ್ಲ ಕತ್ತಲು. ಆದರೂ ಎರಡು ಸೆಕೆಂಡಿಗೊಮ್ಮೆ 5 ವಾಟ್‌ನ ಎಲ್ಇಡಿ ಬಲ್ಬು ಪಕ್ಕನೆ ಮಿನುಗಿ ಆರುತ್ತದೆ. ಈ ವಾರ ನೋಡಿದ್ದು ಇಷ್ಟೇ.

"ಬಲ್ಬು ಹೋಗಿದೆ ಸಾರ್, ಬೇರೆ ಹಾಕಿ" ಎಂದರು ಎಲೆಕ್ಟ್ರಿಷಿಯನ್. ಬೇರೆ ಹಾಕಿದ್ದೂ ಆಯಿತು. ಹೊಸದು ನಾಲ್ಕು ಸೆಕೆಂಡಿಗೊಮ್ಮೆ ಮಿನುಗಿತು. "ಇದೂ ಹೋಗಿದೆ" ಎಂದರು! ವೈರಿಂಗ್ ಕೆಲಸದಲ್ಲಿ ಎರಡು ಮಾತಿಲ್ಲ, ಗಟ್ಟಿಗರು. ಆದರೆ ಎರಡೂ ಬಲ್ಬು ಬೇರೆ ಬೇರೆ ಲಯದಲ್ಲಿ ಮಿನುಗಿದ್ದೇ ಸುಳಿವು ಅಂತ ಅವರಿಗೆ ಹೊಳೆಯಲಿಲ್ಲ.

ಆ ಸ್ವಿಚ್ ಬಾಕ್ಸಿಗೆ ಬಂದಿರುವುದು ಫೇಸ್ ಮತ್ತು ಬಲ್ಬಿಗೆ ಹೋಗುವ ವೈರು ಮಾತ್ರ, ನ್ಯೂಟ್ರಲ್ ಇಲ್ಲ. ಸ್ಮಾರ್ಟ್ ಸ್ವಿಚ್ಚಿನೊಳಗಿನ ರೇಡಿಯೊ ಸದಾ ಎಚ್ಚರವಾಗಿರಬೇಕು, ಅದಕ್ಕೆ ಬೇಕಾದ ಕರೆಂಟು ನ್ಯೂಟ್ರಲ್ ತಲುಪಲು ಬಲ್ಬಿನ ಮೂಲಕವೇ ಹಾದುಹೋಗಬೇಕು. ಹಳೆಯ ತಂತಿ ಬಲ್ಬಿಗೆ ಈ ಸಣ್ಣ ಸೋರಿಕೆ ಲೆಕ್ಕಕ್ಕಿಲ್ಲ, ತಂತಿ ಬಿಸಿಯೂ ಆಗುವುದಿಲ್ಲ. ಎಲ್ಇಡಿ ಬಲ್ಬಿನಲ್ಲಿ ಒಂದು ಕೆಪಾಸಿಟರ್ ಇದೆ. ಸೋರಿಬಂದ ಕರೆಂಟು ಅದರಲ್ಲಿ ಹನಿಹನಿಯಾಗಿ ತುಂಬುತ್ತದೆ. ಸಾಕಷ್ಟು ತುಂಬಿದೊಡನೆ ಎಲ್ಇಡಿಗೆ ಕರೆಂಟು ಹದಮಾಡಿ ಕೊಡುವ ಡ್ರೈವರ್ ಎದ್ದು ಬಲ್ಬು ಮಿನುಗುತ್ತದೆ, ತುಂಬಿದ್ದೆಲ್ಲ ಖಾಲಿ, ಮತ್ತೆ ಮೊದಲಿಂದ. ಬಲ್ಬು ಬದಲಾದರೆ ಕೆಪಾಸಿಟರೂ ಬದಲು, ಅದಕ್ಕೇ ಲಯವೂ ಬದಲು.

ಸ್ವಿಚ್ ಆಗಾಗ ಆ್ಯಪಿನಲ್ಲಿ ಆಫ್‌ಲೈನ್ ಅಂತ ತೋರಿಸುತ್ತಿದ್ದುದೂ ಇದರದೇ ಇನ್ನೊಂದು ಮುಖ. ಬಲ್ಬು ಉರಿಯುವಾಗ ಸ್ವಿಚ್ ತನ್ನ ಪಾಲನ್ನು ಬಲ್ಬಿನ ಕರೆಂಟಿನಿಂದಲೇ ಕದಿಯಬೇಕು. 5 ವಾಟ್ ಬಲ್ಬಿನಲ್ಲಿ ಕದಿಯಲು ಇರುವುದೇ ಅಷ್ಟಿಷ್ಟು, ಅದೂ ಒಂದೇ ಸಮ ಹರಿಯದೆ ತುಣುಕು ತುಣುಕಾಗಿ ಬರುತ್ತದೆ. ಸಾಲದಾದಾಗ ಸ್ವಿಚ್ ರೀಸ್ಟಾರ್ಟ್ ಆಗುತ್ತದೆ. ವೈಫೈ ರೇಡಿಯೊಗೆ ಹಸಿವು ಜಾಸ್ತಿ. ನ್ಯೂಟ್ರಲ್ ಬೇಡದ ಸ್ವಿಚ್ಚುಗಳಲ್ಲಿ ಕಡಿಮೆ ಕರೆಂಟು ಸಾಕಾಗುವ ಜಿಗ್ಬೀ ರೇಡಿಯೊ ಹೆಚ್ಚು ಕಾಣುವುದು ಇದಕ್ಕೇ. ಕನಿಷ್ಠ ಇಷ್ಟು ವಾಟ್ ಲೋಡ್ ಇರಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತಾರೆ, ಆದರೆ ಯಾರಿಗೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ.

ಪರೀಕ್ಷೆ ಸುಲಭ. ಅದೇ ಹೋಲ್ಡರಿಗೆ 25 ವಾಟ್‌ನ ತಂತಿ ಬಲ್ಬು ಹಾಕಿದಾಗ ಮಿನುಗು ನಿಂತಿತು, ಸ್ವಿಚ್ಚೂ ಆನ್‌ಲೈನ್ ಉಳಿಯಿತು. ಅಲ್ಲಿಗೆ ರೋಗ ಗೊತ್ತಾಯಿತು. ಮದ್ದು ಬೈಪಾಸ್: ಸ್ವಿಚ್ಚಿನ ಕರೆಂಟು ಬಲ್ಬನ್ನು ಬಳಸಿ ಹೋಗಲೆಂದು ಬಲ್ಬಿಗೆ ಪ್ಯಾರಲಲ್ ಆಗಿ ಕೂರುವ ಕೆಪಾಸಿಟರ್. 230 ವೋಲ್ಟ್, 50 ಹರ್ಟ್ಜ್‌ನಲ್ಲಿ 0.1 ಮೈಕ್ರೋಫ್ಯಾರಡ್ ಸುಮಾರು 7 ಮಿಲಿಆಂಪಿಯರ್‌ಗೆ ದಾರಿ ಕೊಡುತ್ತದೆ, 0.47 ಆದರೆ ಸುಮಾರು 34ಕ್ಕೆ. ಬಿಡಿ ಕೆಪಾಸಿಟರ್ ಕಟ್ಟುವುದಕ್ಕಿಂತ ಸ್ವಿಚ್ ತಯಾರಕರೇ ಹೇಳಿದ ರೆಡಿಮೇಡ್ ಬೈಪಾಸ್ ಮೇಲು. ಅದನ್ನು ಹಾಕಬೇಕಾದದ್ದು ಸ್ವಿಚ್ ಬಾಕ್ಸಿನಲ್ಲಲ್ಲ. ನ್ಯೂಟ್ರಲ್ ಇರುವುದು ಹೋಲ್ಡರಿನ ಹತ್ತಿರ, ಮೇನ್ ಆಫ್ ಮಾಡಿ ಅಲ್ಲೇ ಕೂರಿಸಬೇಕು.

"ಅರ್ಥಿಂಗ್ ವೈರನ್ನೇ ನ್ಯೂಟ್ರಲ್ ಮಾಡಿಬಿಡ್ಲಾ?" ಎಂದೂ ಎಲೆಕ್ಟ್ರಿಷಿಯನ್ ಕೇಳಿದ್ದರು. ಕೂಡದು. ಅರ್ಥಿಂಗ್ ಎಲ್ಲಾದರೂ ಕಳಚಿದರೆ ಉಪಕರಣಗಳ ಲೋಹದ ಮೈಗೆಲ್ಲ ಕರೆಂಟು ಬರುತ್ತದೆ. ಸೋರಿಕೆ ಹೆಚ್ಚಿದರೆ, ಸೋರಿಕೆ ಕಂಡು ಕರೆಂಟು ಕಡಿಯುವ ಆರ್‌ಸಿಸಿಬಿ ಸ್ವಿಚ್ ಟ್ರಿಪ್ ಆಗುತ್ತದೆ.

"ಹೋಗಿದ್ದ" ಎರಡೂ ಬಲ್ಬು ಈಗ ಸಾದಾ ಸ್ವಿಚ್ಚುಗಳಲ್ಲಿ ಚೆನ್ನಾಗಿಯೇ ಉರಿಯುತ್ತಿವೆ.