ಕ್ರಿಯಾಟಿನ್ ಬೇರೆ, ಕ್ರಿಯಾಟಿನಿನ್ ಬೇರೆ: ಕಾಕಾನ ಫಾರ್ವರ್ಡ್‌ಗೆ ಲ್ಯಾಬಿನಿಂದ ಉತ್ತರ

ಕಾಕಾ, ಗುಂಪಿನಾಗ ನೀವು ಹಾಕಿದ ಮೆಸೇಜ್ ಓದಿದೆ. ಜಿಮ್‌ನಾಗ ತಿನ್ನೋ ಕ್ರಿಯಾಟಿನ್ ಪುಡಿ ತಿಂದ ಹುಡುಗರಿಗೆ ಗಂಡಸುತನ ಹೋಗ್ತದ, ಸಣ್ಣ ವಯಸ್ಸಿನಾಗ ಸಾಯ್ತಾರ ಅಂತ ಅದ ಅದರಾಗ. ತಮ್ಮನ ಡಬ್ಬಿ ಮೋರಿಗೆ ಸುರಿಯೋ ಮೊದಲು ಇದಿಷ್ಟು ಓದ್ರಿ. ಕಲಬುರಗಿಯಲ್ಲಿ ರಕ್ತ ಪರೀಕ್ಷೆಯ ವರದಿ ಬರೆಯುವುದೇ ನನ್ನ ಕೆಲಸವಾದ್ದರಿಂದ, ಈ ಗೊಂದಲ ಎಲ್ಲಿಂದ ಹುಟ್ಟುತ್ತದೆ ಎಂಬುದು ನಮ್ಮ ಟೇಬಲ್ ಮೇಲೆಯೇ ಕಾಣುತ್ತದೆ.

ಕ್ರಿಯಾಟಿನ್ ಹಾರ್ಮೋನ್ ಅಲ್ಲ. ನಮ್ಮ ಲಿವರ್, ಕಿಡ್ನಿ ಅದನ್ನು ದಿನಾ ತಯಾರಿಸುತ್ತವೆ, ಮಾಂಸ ಮತ್ತು ಮೀನಿನಿಂದಲೂ ಸ್ವಲ್ಪ ಸಿಗುತ್ತದೆ. ಬಹುಪಾಲು ಸ್ನಾಯುವಿನಲ್ಲಿ ಕೂತು, ಭಾರ ಎತ್ತುವ ಆ ಹತ್ತು ಸೆಕೆಂಡಿಗೆ ಶಕ್ತಿ ಮರಳಿ ತುಂಬುತ್ತದೆ. ಮುದ್ದಿ ಪಲ್ಯ, ರೊಟ್ಟಿ ಉಣ್ಣುವ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಇದು ಕಡಿಮೆ ಇರುವುದರಿಂದ ಪುಡಿಯ ಪರಿಣಾಮ ಅವರಲ್ಲೇ ಹೆಚ್ಚು ಕಾಣುತ್ತದೆ.

ಗಂಡಸುತನದ ಮಾತು ಬಂದದ್ದು ಸ್ಟೆರಾಯ್ಡ್‌ನಿಂದ. ಹೊರಗಿನಿಂದ ಟೆಸ್ಟೋಸ್ಟೆರೋನ್ ತರಹದ ಸೂಜಿ ಚುಚ್ಚಿಕೊಂಡರೆ, ಮೆದುಳು "ಸಾಕಷ್ಟಿದೆ" ಎಂದುಕೊಂಡು ವೃಷಣಕ್ಕೆ ಕಳಿಸುವ ಎಲ್‌ಎಚ್ ಎಂಬ ಸಂದೇಶ ನಿಲ್ಲಿಸುತ್ತದೆ. ವೃಷಣ ಸಣ್ಣದಾಗುತ್ತದೆ, ವೀರ್ಯಾಣು ಇಳಿಯುತ್ತದೆ, ಸೂಜಿ ಬಿಟ್ಟ ಮೇಲೆ ತಿಂಗಳುಗಟ್ಟಲೆ ಲೈಂಗಿಕ ಆಸಕ್ತಿ ಕುಗ್ಗಬಹುದು. ಬೆನ್ನ ತುಂಬ ಮೊಡವೆ, ಎದೆ ಉಬ್ಬುವುದು ಅದರ ಗುರುತು. ಸ್ಟೆರಾಯ್ಡ್, ಕ್ರಿಯಾಟಿನ್ ಎರಡೂ ಜಿಮ್‌ನಲ್ಲೇ ಓಡಾಡುವ ವಸ್ತುಗಳಾದ್ದರಿಂದ ಊರಿನ ಬಾಯಲ್ಲಿ ಒಂದೇ ಆಗಿಬಿಟ್ಟಿವೆ. ಕ್ರಿಯಾಟಿನ್ ಟೆಸ್ಟೋಸ್ಟೆರೋನನ್ನು ಕುಗ್ಗಿಸುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡಿಲ್ಲ.

ಸಾವಿನ ಮಾತಿಗೂ ಒಂದು ಮೂಲ ಇದೆ. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವ ಭರದಲ್ಲಿ ತೀರಿಕೊಂಡರು. ಮೊದಲು ಅನುಮಾನ ಕ್ರಿಯಾಟಿನ್ ಮೇಲೆ ಬಿತ್ತು. ವಿಚಾರಿಸಿದರೆ, ಬೆವರು ಆರದ ಉಡುಪು ತೊಟ್ಟು, ಬಿಸಿ ಕೋಣೆಯಲ್ಲಿ, ನೀರು ಬಿಟ್ಟು ವ್ಯಾಯಾಮ ಮಾಡಿದ್ದರು. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಹಾಗೆ ಮಾಡಿದರೆ ಯಾವ ಪುಡಿಯೂ ಇಲ್ಲದೆ ಜೀವಕ್ಕೆ ಅಪಾಯ.

ಇನ್ನು ಮನೆಯವರು ನಿಜವಾಗಿ ಹೆದರುವುದು ವರದಿ ನೋಡಿ. ಕ್ರಿಯಾಟಿನ್ ಒಡೆದರೆ ಕ್ರಿಯಾಟಿನಿನ್ ಆಗುತ್ತದೆ. ಅದು ಮೂತ್ರದಲ್ಲಿ ಹೋಗುವ ಕಸ. ಕಿಡ್ನಿ ಸೋತರೆ ರಕ್ತದಲ್ಲಿ ಅದು ಹೆಚ್ಚುತ್ತದೆ, ನಿಜ. ಆದರೆ ಕಸವೇ ಹೆಚ್ಚು ತಯಾರಾದರೂ ಅಂಕಿ ಏರುತ್ತದೆ. ಒಂದು ಲೆಕ್ಕ ನೋಡಿ: 24 ವರ್ಷದ ಹುಡುಗ, ದಪ್ಪ ತೋಳು, ದಿನಾ 5 ಗ್ರಾಂ ಕ್ರಿಯಾಟಿನ್. ವರದಿಯಲ್ಲಿ ಕ್ರಿಯಾಟಿನಿನ್ ಡೆಸಿಲೀಟರಿಗೆ 1.4 ಮಿಲಿಗ್ರಾಂ. ಈಗ ಬಳಕೆಯಲ್ಲಿರುವ ಸೂತ್ರಕ್ಕೆ ಹಾಕಿದರೆ ಕಿಡ್ನಿ ಸೋಸುವ ವೇಗ ನಿಮಿಷಕ್ಕೆ ಸುಮಾರು 72 ಮಿಲಿಲೀಟರ್ ಬರುತ್ತದೆ. ಅದೇ ಹುಡುಗನ ಅಂಕಿ 1.1 ಆಗಿದ್ದರೆ 96. ಕಿಡ್ನಿ ಬದಲಾಗಿಲ್ಲದಿದ್ದರೂ ಸೂತ್ರ ಅವನನ್ನು ಅರ್ಧ ರೋಗಿ ಮಾಡಿಬಿಡುತ್ತದೆ, ಏಕೆಂದರೆ ಡಬ್ಬಿ ಮತ್ತು ತೋಳು ಎರಡೂ ಸೂತ್ರಕ್ಕೆ ಕಾಣುವುದಿಲ್ಲ.

ಹಾಗಂತ 1.4 ನೋಡಿ ಸುಮ್ಮನೆ ಇರುವುದೂ ತಪ್ಪು. ರಕ್ತ ಕೊಡುವ ಹುಡುಗ ಪುಡಿ ತಿನ್ನುತ್ತಿರುವುದನ್ನು ಲ್ಯಾಬಿಗೂ ಡಾಕ್ಟರಿಗೂ ಹೇಳಬೇಕು. ಎರಡು ದಿನ ಜೋರು ವ್ಯಾಯಾಮ ಬಿಟ್ಟು, ಹಿಂದಿನ ರಾತ್ರಿ ಮಟನ್ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಬೇಕು. ಸಂಶಯ ಉಳಿದರೆ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆ ಇದೆ, ಅದು ಸ್ನಾಯುವನ್ನು ಅಷ್ಟಾಗಿ ಅವಲಂಬಿಸಿಲ್ಲ. ಜೊತೆಗೆ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ನೋಡಬೇಕು. ಎರಡೂ ಸರಿಯಿದ್ದರೆ ಏರಿದ್ದು ಕಸ, ಕಿಡ್ನಿ ಅಲ್ಲ. ಅಲ್ಬುಮಿನ್ ಸೋರುತ್ತಿದ್ದರೆ, ಬಿಪಿ ಏರಿದ್ದರೆ, ಪಾದ ಊದಿದ್ದರೆ ಪುಡಿ ನಿಲ್ಲಿಸಿ ಡಾಕ್ಟರ್ ಬಳಿ ಹೋಗಬೇಕು. ಪುಡಿ ನಿಲ್ಲಿಸಿ ಹೋಲಿಸುವುದಾದರೆ ಒಂದು ತಿಂಗಳಾದರೂ ಕಾಯಬೇಕು. ಸ್ನಾಯು ಬರಿದಾಗಲು ಅಷ್ಟು ಹೊತ್ತು ಹಿಡಿಯುತ್ತದೆ. ಮೊದಲೇ ಕಿಡ್ನಿ ರೋಗ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಪ್ರಮಾಣ ದಿನಕ್ಕೆ 3ರಿಂದ 5 ಗ್ರಾಂ, ಅಷ್ಟೇ. ಮೊದಲ ವಾರ 20 ಗ್ರಾಂ ತಿನ್ನುವ ಪದ್ಧತಿ ಇದೆ, ಆದರೆ ಒಮ್ಮೆಗೇ ತಿಂದರೆ ಹೊಟ್ಟೆ ಕೆಡುತ್ತದೆ. ಅದಿಲ್ಲದೆಯೂ ಸುಮಾರು ಒಂದು ತಿಂಗಳಲ್ಲಿ ಸ್ನಾಯು ತುಂಬುತ್ತದೆ. ತೂಕ ಒಂದೆರಡು ಕಿಲೋ ಏರುತ್ತದೆ, ಅದು ಸ್ನಾಯುವಿನ ನೀರು.

ನನ್ನ ಭಯ ಕ್ರಿಯಾಟಿನ್‌ಗಿಂತ ಡಬ್ಬಿಯ ಮೇಲೆಯೇ. ಹೆಸರಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ "ಮಾಸ್ ಪುಡಿ" ಎಂದು ಕೊಟ್ಟದ್ದರಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿಲ್ಲ, ಸ್ಟೆರಾಯ್ಡ್ ಕಲಬೆರಕೆಯೂ ಇರಬಹುದು. ತಮ್ಮನ ಡಬ್ಬಿ ತಿರುಗಿಸಿ ನೋಡ್ರಿ: ಪದಾರ್ಥದ ಸಾಲಿನಾಗ ಕ್ರಿಯಾಟಿನ್ ಮೊನೊಹೈಡ್ರೇಟ್ ಒಂದೇ ಇರಬೇಕು, ಎಫ್‌ಎಸ್‌ಎಸ್‌ಎಐಯ 14 ಅಂಕಿಯ ನಂಬರ್, ಬ್ಯಾಚ್ ಸಂಖ್ಯೆ, ತಾರೀಖು ಇರಬೇಕು. ಆ ಲೇಬಲ್‌ನ ಫೋಟೋ ಗುಂಪಿಗೆ ಹಾಕ್ರಿ, ಸಂಜಿಗೆ ನೋಡಿ ಹೇಳ್ತೀನಿ.