ಕೋಲ್ಡ್ ಪ್ಯಾಕ್‌ನಲ್ಲಿ ತಂಪು ಎಲ್ಲಿ ಬಚ್ಚಿಟ್ಟಿರುತ್ತಾರೆ?

"ಹಿಂಡಿದ ಕೂಡಲೇ ತಣ್ಣಗಾಗುತ್ತಲ್ಲ, ಆ ತಂಪು ಒಳಗೆ ಎಲ್ಲಿತ್ತು?"

ಎಲ್ಲೂ ಇರಲಿಲ್ಲ. ತಂಪು ಅನ್ನೋ ವಸ್ತುವೇ ಇಲ್ಲ. ಒಮ್ಮೆ ಮೈದಾನದಲ್ಲಿ ಒಬ್ಬರು ಉಳುಕಿದ ಕಾಲಿಗೆ ಪ್ಯಾಕ್ ಒತ್ತಿಕೊಂಡು, "ಕೆಮಿಕಲ್ ಕೋಲ್ಡ್ ಬಿಡ್ತಾ ಇದೆ" ಅಂದರು. ಬಿಡ್ತಾ ಇಲ್ಲ ಮಾರಾಯ್ರೇ, ನಿಮ್ಮ ಕಾಲಿನ ಬಿಸಿಯನ್ನು ಎಳ್ಕೊಳ್ತಾ ಇದೆ ಅಂದೆ. ನೋವಿನಲ್ಲಿದ್ದವರಿಗೆ ಪಾಠ ಬೇಕಿರಲಿಲ್ಲ, ನಿಜ. ಆದರೆ ಮಾತು ತೆಗೆದದ್ದು ಅವರೇ.

ಪ್ಯಾಕ್ ಒಳಗೆ ಹರಳು ಉಪ್ಪು ಇರುತ್ತದೆ, ಹೆಚ್ಚಾಗಿ ಅಮೋನಿಯಂ ನೈಟ್ರೇಟ್. ಪಕ್ಕದಲ್ಲೇ ನೀರಿನ ಸಣ್ಣ ಚೀಲ. ಹಿಂಡಿದರೆ ಚೀಲ ಒಡೆದು ಎರಡೂ ಸೇರುತ್ತವೆ. ಹರಳಿನಲ್ಲಿ ಅಯಾನುಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸಲು ಶಕ್ತಿ ಖರ್ಚು. ಬಿಡಿಯಾದ ಅಯಾನುಗಳನ್ನು ನೀರಿನ ಅಣುಗಳು ಸುತ್ತುವರಿದಾಗ ಶಕ್ತಿ ವಾಪಸ್ ಬರುತ್ತದೆ. ಈ ಉಪ್ಪಿನಲ್ಲಿ ಖರ್ಚೇ ಸ್ವಲ್ಪ ಜಾಸ್ತಿ. ಆ ಕೊರತೆ ತುಂಬುವುದು ನೀರಿನ ಅಣುಗಳ ಓಡಾಟದಿಂದ. ಓಡಾಟ ಕಡಿಮೆಯಾದರೆ ಉಷ್ಣತೆ ಇಳಿಯುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಲೆಕ್ಕ ತಿರುವುಮುರುವು, ಅದು ಕರಗಿದರೆ ನೀರು ಬಿಸಿಯಾಗುತ್ತದೆ.

ಲೆಕ್ಕ ಹಾಕೋಣ. 80 ಗ್ರಾಂ, ಅಂದರೆ ಒಂದು ಮೋಲ್ ಅಮೋನಿಯಂ ನೈಟ್ರೇಟ್ ತುಂಬಾ ನೀರಿನಲ್ಲಿ ಕರಗಿದರೆ ಸುಮಾರು 26 ಕಿಲೋಜೂಲ್ ಹೀರುತ್ತದೆ. 20 ಗ್ರಾಂ ಹಾಕಿದರೆ ಅದರ ಕಾಲು ಭಾಗ, ಆರೂವರೆ. 200 ಗ್ರಾಂ ನೀರು ಒಂದು ಡಿಗ್ರಿ ಇಳಿಯಲು 0.84 ಕಿಲೋಜೂಲ್ ಹೋಗಬೇಕು. ಹಾಗಾಗಿ ಸುಮಾರು 7.7 ಡಿಗ್ರಿ ಇಳಿಯುತ್ತದೆ. ಪ್ಯಾಕ್‌ನಲ್ಲಿ ಉಪ್ಪು ಜಾಸ್ತಿ, ನೀರು ಕಡಿಮೆ, ಅದಕ್ಕೇ ಇಳಿತವೂ ಜಾಸ್ತಿ. ಆದರೆ ಉಪ್ಪು ಎರಡು ಪಟ್ಟು ಹಾಕಿದರೆ ಇಳಿತ ಎರಡು ಪಟ್ಟಾಗುವುದಿಲ್ಲ. ದ್ರಾವಣ ದಟ್ಟವಾದಂತೆ ಪ್ರತಿ ಗ್ರಾಂ ಹೀರುವುದು ಕಡಿಮೆಯಾಗುತ್ತದೆ.

ಇಷ್ಟು ಹೇಳಿದ ಮೇಲಾದರೂ ಯಾರೋ ಒಬ್ಬರು ಕೇಳಬೇಕಿತ್ತು: ನಷ್ಟದ ವ್ಯಾಪಾರ ತಾನಾಗೇ ಯಾಕೆ ನಡೆಯುತ್ತದೆ? ಯಾರೂ ಕೇಳಲ್ಲ. ನಾನೇ ಹೇಳ್ತೀನಿ. ಸಾಲಾಗಿ ನಿಂತಿದ್ದ ಅಯಾನುಗಳು ನೀರಿನಲ್ಲಿ ಚದುರಿದರೆ ಅವು ಇರಬಹುದಾದ ರೀತಿಗಳು ವಿಪರೀತ ಹೆಚ್ಚುತ್ತವೆ. ಇದೇ ಎಂಟ್ರೊಪಿ. ಆ ಏರಿಕೆಯನ್ನು ಕೆಲ್ವಿನ್ ಉಷ್ಣತೆಯಿಂದ ಗುಣಿಸಿದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೋಲ್‌ಗೆ ಸುಮಾರು 32 ಕಿಲೋಜೂಲ್. ಹೀರುವುದು 26. ಆರರಷ್ಟು ಲಾಭ ಉಳಿಯಿತಲ್ಲ, ಅದಕ್ಕೇ ಕರಗುತ್ತದೆ. ಶಾಖ ಬಿಡುವ ಕ್ರಿಯೆ ಮಾತ್ರ ತಾನಾಗೇ ನಡೆಯುತ್ತದೆ ಅನ್ನೋರಿಗೆ ಈ ಪ್ಯಾಕ್ ಒಂದೇ ಸಾಕು.

ಹಿಂಡಿದರೂ ತಣ್ಣಗಾಗದಿದ್ದರೆ ಮುಟ್ಟಿ ನೋಡಿ. ಒಂದು ಕಡೆ ಗಟ್ಟಿ ಉಂಡೆ ಸಿಕ್ಕರೆ ಉಪ್ಪು ಹೆಪ್ಪುಗಟ್ಟಿದೆ, ಪುಡಿ ಮಾಡಿ ಅಲುಗಿಸಿ. ಮತ್ತೆ ಬಳಸಬಹುದಾ ಅಂತಲೂ ಕೇಳ್ತಾರೆ. ನೀರನ್ನು ಪೂರ್ತಿ ಆವಿ ಮಾಡಿ ಹರಳು ವಾಪಸ್ ಪಡೆಯಬೇಕಾಗುತ್ತದೆ. ಅದಕ್ಕೆ ಬೇಕಾದ ಶಾಖ ಪ್ಯಾಕ್ ಹೀರಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸುಮ್ನೆ ಹೊಸದು ತಗೊಳ್ಳಿ.